ಮಾತಿನ ಮೇಲೆ ಗೆರೆ ಎಳೆಯುವ ಯಂತ್ರ

ಒಂದು ಧ್ವನಿಮುದ್ರಣವಿದೆ, ಅದರಲ್ಲಿ ಆಡಿದ ಮಾತನ್ನು ಕೇಳಿ ಬರೆದ ಪಠ್ಯವೂ ಇದೆ. ಆ ಪಠ್ಯದ ಪ್ರತಿಯೊಂದು ಪದ, ಪದದೊಳಗಿನ ಪ್ರತಿಯೊಂದು ಧ್ವನಿ ಯಾವ ಕ್ಷಣದಲ್ಲಿ ಶುರುವಾಗಿ ಯಾವ ಕ್ಷಣದಲ್ಲಿ ಮುಗಿಯುತ್ತದೆ ಎಂದು ಕಂಪ್ಯೂಟರಿನಿಂದ ಗುರುತು ಹಾಕಿಸುವ ಕೆಲಸಕ್ಕೆ ಫೋರ್ಸ್ಡ್ ಅಲೈನ್‌ಮೆಂಟ್ ಎನ್ನುತ್ತಾರೆ. ಇಲ್ಲಿ ಯಂತ್ರ ಮಾತನ್ನು ಗುರುತಿಸುವುದಿಲ್ಲ. ಏನು ಹೇಳಿದ್ದಾರೆ ಎಂಬುದನ್ನು ಮೊದಲೇ ತಿಳಿಸಿರುತ್ತಾರೆ. ಯಾವಾಗ ಹೇಳಿದ್ದಾರೆ ಎಂದು ಹುಡುಕುವುದಷ್ಟೇ ಅದರ ಪಾಲಿನ ಕೆಲಸ.

ಇದೇ ಕೆಲಸವನ್ನು ಕೈಯಿಂದ ಮಾಡಲು ಭಾಷಾವಿಜ್ಞಾನಿಗಳು ಬಳಸುವುದು ಪ್ರಾಟ್ ಎಂಬ ಉಚಿತ ತಂತ್ರಾಂಶವನ್ನು. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮ ಮತ್ತು ಡೇವಿಡ್ ವೇನಿಂಕ್ ಅದನ್ನು ಬರೆದವರು. ಪರದೆಯ ಮೇಲ್ಭಾಗದಲ್ಲಿ ಧ್ವನಿಯ ಅಲೆ, ಅದರ ಕೆಳಗೆ ಸ್ಪೆಕ್ಟ್ರೋಗ್ರಾಮ್, ಅದಕ್ಕೂ ಕೆಳಗೆ ಟೆಕ್ಸ್ಟ್‌ಗ್ರಿಡ್ ಎಂಬ ಪಟ್ಟಿಗಳು ಕಾಣುತ್ತವೆ. ಒಂದು ಪಟ್ಟಿಯಲ್ಲಿ ಪದಗಳು, ಇನ್ನೊಂದರಲ್ಲಿ ಧ್ವನಿಗಳು. ಪ್ರತಿ ಗಡಿಗೂ ಒಂದು ಗೆರೆ. ಒಂದು ನಿಮಿಷದ ಮಾತಿಗೆ ಹೀಗೆ ಗೆರೆ ಎಳೆಯುತ್ತ ಕೂತರೆ ಗಂಟೆಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಹಳ್ಳಿಗಳಿಂದ ಮುದ್ರಿಸಿ ತಂದು, ಬರೆದೂ ಇಟ್ಟ ನೂರಾರು ಗಂಟೆಗಳ ಮಾತು ಧ್ವನಿಶಾಸ್ತ್ರದ ಅಳತೆಗೆ ಸಿಗದೆ ಉಳಿದುಬಿಡುತ್ತದೆ.

ಇಂಗ್ಲಿಷಿನಂಥ ಭಾಷೆಗೆ ಈ ತೊಡಕು ಹೆಚ್ಚು ಕಾಡಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ತಯಾರಾದ ಪಿ2ಎಫ್ಎ ಎಂಬ ಸಾಧನವನ್ನು ಅಮೆರಿಕದ ಸುಪ್ರೀಂ ಕೋರ್ಟಿನ ವಾದಗಳ ಮುದ್ರಣ ಕೇಳಿಸಿ ತರಬೇತುಗೊಳಿಸಿದ್ದರು. ಅಷ್ಟೊಂದು ಸಾಮಗ್ರಿ ಇಲ್ಲದ ಭಾಷೆ ಏನು ಮಾಡಬೇಕು? ಇಂಗ್ಲಿಷಿಗಾಗಿ ಕಲಿತ ಯಂತ್ರವನ್ನೇ ಅದಕ್ಕೂ ಬಳಸಿದರೆ ಹೇಗೆ ಎಂದು ಕ್ರಿಶ್ಚಿಯನ್ ಡಿಕಾನಿಯೊ ಮತ್ತು ಸಂಗಡಿಗರು ಪರೀಕ್ಷಿಸಿದರು; ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅವರು ಆರಿಸಿಕೊಂಡದ್ದು ಮೆಕ್ಸಿಕೊದ ಗೆರೆರೊ ರಾಜ್ಯದ ಯೊಲೊಶೋಚಿತ್ಲ್ ಮಿಸ್ತೆಕ್ ಭಾಷೆಯನ್ನು. ಆ ಭಾಷೆಯನ್ನೇ ಆಡುವ ರೇ ಕಾಸ್ತಿಯೊ ಗಾರ್ಸಿಯ ಮತ್ತು ಅಲ್ಲಿ ದಾಖಲೀಕರಣ ನಡೆಸಿದ ಜೊನಾಥನ್ ಅಮಿತ್ ಕೂಡ ತಂಡದಲ್ಲಿದ್ದರು.

ಮಿಸ್ತೆಕ್ ಮತ್ತು ಇಂಗ್ಲಿಷ್ ನಡುವೆ ಯಾವ ನಂಟೂ ಇಲ್ಲ. ಯೊಲೊಶೋಚಿತ್ಲ್ ಮಿಸ್ತೆಕ್‌ನಲ್ಲಿ ಒಂಬತ್ತು ಟೋನ್‌ಗಳಿವೆ. ದನಿಯ ಏರಿಳಿತ ಬದಲಾದರೆ ಅರ್ಥವೇ ಬದಲಾಗುತ್ತದೆ. ಪದಗಳು ವ್ಯಂಜನದಲ್ಲಿ ಮುಗಿಯುವುದಿಲ್ಲ. ಅದರ ತ, ಕ ಧ್ವನಿಗಳು ಕನ್ನಡದವುಗಳಂತೆ ಅಲ್ಪಪ್ರಾಣ. ಇಂಗ್ಲಿಷರು ಪದದ ಮೊದಲಲ್ಲಿ ಆಡುವವು ಕನ್ನಡದ ಕಿವಿಗೆ ಥ, ಖ ಎಂದೇ ಕೇಳಿಸುವಷ್ಟು ಉಸಿರು ತುಂಬಿದವು. ಇಷ್ಟು ಅಂತರವಿದ್ದೂ ಹೆಚ್‌ಎಂಅಲೈನ್ ಎಂಬ ಸಾಧನ ಹಾಕಿದ ಗೆರೆಗಳಲ್ಲಿ ಶೇ 70.9ರಷ್ಟು, ಪಿ2ಎಫ್ಎ ಹಾಕಿದವುಗಳಲ್ಲಿ ಶೇ 65.7ರಷ್ಟು, ಮನುಷ್ಯರು ಹಾಕಿದ ಗೆರೆಯಿಂದ 30 ಮಿಲಿಸೆಕೆಂಡಿನೊಳಗೇ ಇದ್ದವು. ಒಂದೇ ವ್ಯಂಜನ ಬೇರೆ ಬೇರೆ ಸಂದರ್ಭಗಳಲ್ಲಿ ತಾಳುವ ರೂಪಗಳಿಗೆ ಬೇರೆ ಬೇರೆ ಗುರುತುಗಳಿದ್ದದ್ದು ಮೊದಲನೆಯದರ ಗೆಲುವಿಗೆ ನೆರವಾಯಿತು. ಮನುಷ್ಯರಲ್ಲೂ ಇಬ್ಬರು ಎಳೆದ ಗೆರೆಗಳು ಪೂರ್ತಿ ಕೂಡಿಬರುವುದಿಲ್ಲ ಎಂಬುದನ್ನು ನೆನಪಿನಲ್ಲಿಟ್ಟರೆ ಇದು ಕೆಟ್ಟ ಫಲವಲ್ಲ. ಹಾಗೆಂದು ಕಣ್ಣುಮುಚ್ಚಿ ನಂಬುವಂಥದ್ದೂ ಅಲ್ಲ.

ಭಾಷೆ ಬಾರದ ಯಂತ್ರಕ್ಕೆ ಇಷ್ಟಾದರೂ ಹೇಗೆ ಸಾಧ್ಯವಾಯಿತು? ಅದು ಮುದ್ರಣವನ್ನು ಸುಮಾರು 25 ಮಿಲಿಸೆಕೆಂಡಿನ ಕಿಟಕಿಯಲ್ಲಿ ನೋಡುತ್ತ, ಕಿಟಕಿಯನ್ನು 10 ಮಿಲಿಸೆಕೆಂಡಿನಷ್ಟು ಮುಂದಕ್ಕೆ ಸರಿಸುತ್ತ ಹೋಗುತ್ತದೆ. ಪ್ರತಿ ಕಿಟಕಿಯಲ್ಲೂ ಧ್ವನಿಯ ಶಕ್ತಿ ಯಾವ ಆವರ್ತನಗಳಲ್ಲಿ ಎಷ್ಟು ಹಂಚಿದೆ ಎಂಬುದು ಕೆಲವು ಅಂಕಿಗಳಾಗುತ್ತದೆ. ‘ಅ’ ಹೀಗಿರುತ್ತದೆ, ‘ಸ’ ಹೀಗಿರುತ್ತದೆ ಎಂದು ತರಬೇತಿಯಲ್ಲಿ ಕಲಿತ ಸರಾಸರಿಗಳಿಗೆ ಆ ಅಂಕಿಗಳನ್ನು ಹೋಲಿಸಿ, ಪಠ್ಯದ ಧ್ವನಿಗಳ ಸಾಲನ್ನು ಒಟ್ಟಾರೆ ಅತಿ ಚೆನ್ನಾಗಿ ಕೂರುವಂತೆ ಹಾಸುತ್ತದೆ. ‘ಸ’ದ ಸುಯ್ಲು, ಸ್ವರದ ನಾದ, ಸ್ಪರ್ಶ ವ್ಯಂಜನದ ಕ್ಷಣದ ಮೌನ ಎಲ್ಲ ಭಾಷೆಗಳಲ್ಲೂ ಹೆಚ್ಚು ಕಡಿಮೆ ಒಂದೇ. ಇಂಗ್ಲಿಷ್ ಯಂತ್ರ ಮಿಸ್ತೆಕ್‌ನಲ್ಲಿ ದಡ ಸೇರುವುದು ಈ ಬಲದಿಂದ.

ಎಡವುವುದು ಎಲ್ಲಿ ಎಂಬುದನ್ನು ಒಂದು ಪದದಲ್ಲೇ ಕಾಣಬಹುದು. ಮಿಸ್ತೆಕ್‌ನಲ್ಲಿ ಕೈಗೆ nda'a ಎಂದು ಬರೆಯುತ್ತಾರೆ. ಮೊದಲಿನ nd ಕನ್ನಡದ ‘ಂದ’ವನ್ನು ಹೋಲುವ, ಆದರೆ ಅಲ್ಲಿ ಒಂದೇ ಎಣಿಕೆಗೆ ಬರುವ ಧ್ವನಿ. ನಡುವಿನ ಚಿಹ್ನೆ ಗಂಟಲು ಕ್ಷಣಕಾಲ ಕಟ್ಟಿ ಬಿಡುವುದನ್ನು ಸೂಚಿಸುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಮಾಂಟ್ರಿಯಲ್ ಫೋರ್ಸ್ಡ್ ಅಲೈನರ್‌ನ, ಅಂದರೆ ಎಂಎಫ್ಎಯ, ಇಂಗ್ಲಿಷ್ ಮಾದರಿಗೆ ಈ ಪದವನ್ನು ಕೊಡಬೇಕಾದರೆ ಉಚ್ಚಾರಣೆಯ ನಿಘಂಟಿನಲ್ಲಿ ಇಂಗ್ಲಿಷ್ ಗುರುತುಗಳಲ್ಲೇ ಬರೆಯಬೇಕು:

```
nda'a   N D AA1 T AA1
```

ಗಂಟಲ ತಡೆಗೆ ಇಂಗ್ಲಿಷ್ ಗುರುತಿಲ್ಲದ ಕಾರಣ T ಎಂದು ಬರೆಯುವುದು ಮೊದಲು ಹೊಳೆಯುವ ದಾರಿ. ಆದರೆ ಮಿಸ್ತೆಕ್‌ಗೆ ನಿಜವಾದ ತಕಾರವೂ ಇದೆ. ಮುಂದೆ ಮಾದರಿಯನ್ನು ಒಗ್ಗಿಸುವಾಗ ಎರಡೂ ಒಂದೇ ಗುರುತಿನಡಿ ಬೆರೆತು ಎರಡೂ ಕೆಡುತ್ತವೆ. ಸಹಜ ಮಾತಿನಲ್ಲಿ ಗಂಟಲು ಪೂರ್ತಿ ಕಟ್ಟದೆ ಸ್ವರ ಬರೀ ಕಿರುಗುಟ್ಟಿ ಮುಂದೆ ಸಾಗುವುದೂ ಉಂಟು. ತಕಾರಕ್ಕಿರುವ ಮೌನವಾಗಲಿ ಸ್ಫೋಟವಾಗಲಿ ಅಲ್ಲಿರುವುದಿಲ್ಲ. ಮಿಸ್ತೆಕ್‌ನ ಬೇರಾವ ಧ್ವನಿಗೂ ಬೇಕಿಲ್ಲದ ಒಂದು ಗುರುತನ್ನು, ಉದಾಹರಣೆಗೆ DH ಅನ್ನು, ಇದಕ್ಕೆ ಮೀಸಲಿಡುವುದು ಮೇಲು. ಆರಂಭದಲ್ಲಿ ಅದು ಗಂಟಲ ತಡೆಯನ್ನು ಅಷ್ಟಾಗಿ ಹೋಲದಿದ್ದರೂ ಒಗ್ಗಿಸಿದ ಮೇಲೆ ಅದರದೇ ಆಗುತ್ತದೆ. ಟೋನ್‌ಗಳನ್ನು ಈ ನಿಘಂಟಿನಲ್ಲಿ ಗುರುತಿಸಬೇಕಾಗಿಲ್ಲ. ಆದರೂ ಟೋನ್ ಯಾವುದು ಎಂಬುದರ ಮೇಲೆ ಗೆರೆಯ ನಿಖರತೆ ಬದಲಾಗುವುದನ್ನು 2013ರ ಅಧ್ಯಯನ ಕಂಡುಕೊಂಡಿತ್ತು.

ಒಗ್ಗಿಸುವುದು ಅಂದರೆ ಇಂಗ್ಲಿಷಿನಿಂದ ಕಲಿತ ಸರಾಸರಿಗಳನ್ನು ಹೊಸ ಭಾಷೆಯ ಕಡೆಗೆ ಸರಿಸುವುದು. ಮೊದಲು ಇಂಗ್ಲಿಷ್ ಮಾದರಿ ಒರಟಾಗಿ ಗೆರೆ ಹಾಕುತ್ತದೆ. ಆ ಗೆರೆಗಳ ನಡುವೆ ಸಿಕ್ಕ ಮಿಸ್ತೆಕ್ ಧ್ವನಿಯ ಸರಾಸರಿ ತೆಗೆದು, ಹಳೆಯದರ ಜೊತೆ ಬೆರೆಸುತ್ತಾರೆ:

```
ಹೊಸ = (τ × ಹಳೆಯ + N × ಮಿಸ್ತೆಕ್) / (τ + N)
```

ಇಲ್ಲಿ N ಎಂದರೆ ಆ ಸರಾಸರಿಯ ಪಾಲಿಗೆ ಬಂದ ಕಿಟಕಿಗಳ ಸಂಖ್ಯೆ. τ ಹಳೆಯದಕ್ಕೆ ಕೊಟ್ಟ ತೂಕ. τ 20 ಎಂದಿಟ್ಟುಕೊಳ್ಳೋಣ. ಪದೇ ಪದೇ ಬರುವ ಸ್ವರಕ್ಕೆ 2000 ಕಿಟಕಿ ಸಿಕ್ಕರೆ ಹೊಸ ಸರಾಸರಿಯಲ್ಲಿ ಶೇ 99ರಷ್ಟು ಮಿಸ್ತೆಕ್‌ನದೇ. ಅಪರೂಪದ ಧ್ವನಿಯೊಂದಕ್ಕೆ ಬರೀ 5 ಸಿಕ್ಕರೆ ಶೇ 20 ಮಾತ್ರ. ಉಳಿದ ಶೇ 80 ಇಂಗ್ಲಿಷೇ. ಒಂದೆರಡು ಗಂಟೆಯಷ್ಟೇ ಮುದ್ರಣ ಇರುವ ಭಾಷೆಗೆ ಈ ಜಾಣತನ ಒಪ್ಪುತ್ತದೆ: ಸಾಕ್ಷ್ಯ ಇರುವಲ್ಲಿ ಮಾದರಿ ಬದಲಾಗುತ್ತದೆ, ಇಲ್ಲದಲ್ಲಿ ಹಳೆಯದನ್ನೇ ನೆಚ್ಚುತ್ತದೆ. ಆದರೆ ಸಂಶೋಧಕರಿಗೆ ಕುತೂಹಲ ಹುಟ್ಟಿಸುವುದು ಎಷ್ಟೋ ಸಲ ಆ ಅಪರೂಪದ ಧ್ವನಿಯೇ ಆಗಿರುತ್ತದೆ, ಒಗ್ಗದೆ ಉಳಿಯುವುದೂ ಅದೇ. ಹಲವು ಗಂಟೆಗಳ ಮುದ್ರಣ ಇದ್ದರೆ ಎರವಲಿನ ಗೋಜಿಲ್ಲದೆ ಆ ಭಾಷೆಯ ಮಾತಿನಿಂದಲೇ ಹೊಸ ಮಾದರಿ ಕಟ್ಟುವ ದಾರಿಯೂ ಇದೆ.

ಕೆಲಸ ಶುರುವಾಗುವುದು ಪ್ರಾಟ್‌ನಲ್ಲಿ. ಉದ್ದನೆಯ ಸಂಭಾಷಣೆಯನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಟೆಕ್ಸ್ಟ್‌ಗ್ರಿಡ್‌ನಲ್ಲಿ ಗುರುತಿಸಿ, ಮಾತಾಡಿದ ಪ್ರತಿಯೊಬ್ಬರಿಗೂ ಅವರವರ ಪಟ್ಟಿ ಕೊಡಬೇಕು. ಹೀಗೆ ತುಂಡು ಮಾಡಿದರೆ ಒಂದೆಡೆ ಆದ ತಪ್ಪು ಅಲ್ಲಿಗೇ ನಿಲ್ಲುತ್ತದೆ. ಅರ್ಧ ಗಂಟೆಯ ಮಾತನ್ನು ಇಡಿಯಾಗಿ ಕೊಟ್ಟರೆ ಎಲ್ಲೋ ಜಾರಿದ್ದು ಬಹುದೂರ ಜಾರುತ್ತಲೇ ಹೋಗಬಹುದು. ಮುಂದಿನದು ಮೂರು ಆದೇಶಗಳ ಕೆಲಸ:

```
mfa validate mixtec/ mixtec.dict
mfa adapt mixtec/ mixtec.dict english_us_arpa mixtec_adapted.zip
mfa align mixtec/ mixtec.dict mixtec_adapted.zip aligned/
```

ಮೊದಲನೆಯದು ನಿಘಂಟಿನಲ್ಲಿ ಇಲ್ಲದ ಪದಗಳನ್ನು ಎತ್ತಿ ತೋರಿಸುತ್ತದೆ. ಅದನ್ನು ಬಿಟ್ಟು ಮುಂದೆ ಹೋಗುವವರು ಆಮೇಲೆ ಪರಿತಪಿಸುತ್ತಾರೆ. ಎರಡನೆಯದು ಒಗ್ಗಿಸುತ್ತದೆ, ಮೂರನೆಯದು ಗೆರೆ ಹಾಕಿ ಪ್ರಾಟ್‌ನಲ್ಲಿ ತೆರೆಯಬಲ್ಲ ಕಡತಗಳನ್ನು ಕೊಡುತ್ತದೆ.

ಪಠ್ಯ ತಪ್ಪಾಗಿದ್ದರೂ ಯಂತ್ರ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ ಎಂಬುದು ಈ ವಿಧಾನದ ದೊಡ್ಡ ದೌರ್ಬಲ್ಯ. ಮಾತಾಡುವವರು ನಡುವೆ ತಡವರಿಸಿ ಸ್ಪ್ಯಾನಿಷ್‌ನ ‘ಎಸ್ತೆ’ ಎಂದು ಎಳೆದಿದ್ದಾರೆ, ಬರೆದವರು ಅದನ್ನು ಮುಖ್ಯವಲ್ಲವೆಂದು ಬಿಟ್ಟಿದ್ದಾರೆ ಎನ್ನೋಣ. ಆ ಅರ್ಧ ಸೆಕೆಂಡನ್ನು ಯಂತ್ರ ಯಾರ ತಲೆಗಾದರೂ ಕಟ್ಟಲೇಬೇಕು. ಹಿಂದಿನ ಪದದ ಕೊನೆಯ ಸ್ವರ 600 ಮಿಲಿಸೆಕೆಂಡ್ ಹಿಗ್ಗುತ್ತದೆ; ಇಲ್ಲವೇ ಮುಂದಿನ ಪದದ ಧ್ವನಿಗಳು ಅದರ ಮೇಲೆ ಹರಡಿಕೊಂಡು, ಆ ಪದ ನಿಜವಾಗಿ ಕೇಳಿಸುವ ಜಾಗದಲ್ಲಿ ಆಚೆಯ ಪದಗಳು ಮುದುಡಿ ಕೂರುತ್ತವೆ. ಇಬ್ಬರು ಒಟ್ಟಿಗೆ ಮಾತಾಡಿದಾಗ, ನಡುವೆ ಹುಂಜ ಕೂಗಿದಾಗ ಆಗುವುದೂ ಇದೇ.

ಇಂಥ ಜಾಗಗಳನ್ನು ಹಿಡಿಯಲು ಒಂದು ಸುಳಿವಿದೆ. ಸಾಮಾನ್ಯ ಮಾದರಿಗಳಲ್ಲಿ ಪ್ರತಿ ಧ್ವನಿಗೆ ಮೂರು ಹಂತಗಳಿದ್ದು, ಪ್ರತಿ ಹಂತಕ್ಕೂ ಕನಿಷ್ಠ ಒಂದು ಕಿಟಕಿ ಬೇಕು. ಹಾಗಾಗಿ ಯಾವ ಧ್ವನಿಯೂ 30 ಮಿಲಿಸೆಕೆಂಡಿಗಿಂತ ಕಿರಿದಾಗದು. ಜಾಗ ಸಾಲದೆ ಮುದುಡಿದ ಧ್ವನಿಗಳೆಲ್ಲ ಸರಿಯಾಗಿ 30ಕ್ಕೇ ಬಂದು ನಿಲ್ಲುತ್ತವೆ. ಅವು ಎಲ್ಲೆಲ್ಲಿ ಗುಂಪುಗೂಡಿವೆ ಎಂದು ಪ್ರಾಟ್‌ನ ಪುಟ್ಟ ಸ್ಕ್ರಿಪ್ಟ್ ಹುಡುಕಿಕೊಡುತ್ತದೆ. ಧ್ವನಿಗಳ ಪಟ್ಟಿ ಎರಡನೆಯದಾಗಿದ್ದರೆ ಅದು ಹೀಗಿರುತ್ತದೆ:

```
n = Get number of intervals: 2
for i to n
    s$ = Get label of interval: 2, i
    a = Get start time of interval: 2, i
    b = Get end time of interval: 2, i
    if s$ <> "" and b - a < 0.035
        appendInfoLine: s$, tab$, fixed$ (a, 3)
    endif
endfor
```

ಒಂಟಿಯಾಗಿ ಸಿಕ್ಕ ಗಿಡ್ಡ ಧ್ವನಿ ನಿಜವಾಗಿಯೂ ಗಿಡ್ಡವಿರಬಹುದು. ಸಾಲಾಗಿ ನಾಲ್ಕೈದು ಸಿಕ್ಕರೆ ಅಲ್ಲಿ ಪಠ್ಯವೂ ಮುದ್ರಣವೂ ಬೇರೆಬೇರೆ ಮಾತಾಡುತ್ತಿವೆ ಎಂದೇ ಲೆಕ್ಕ. N D ಎಂದು ಒಡೆದು ಬರೆದ ಧ್ವನಿಗೆ ಕನಿಷ್ಠ 60 ಮಿಲಿಸೆಕೆಂಡ್ ಸಲ್ಲುತ್ತದೆ ಎಂಬುದನ್ನೂ ಗಮನಿಸಬೇಕು. ಅವಸರದ ಮಾತಿನಲ್ಲಿ ಅದು ಪಕ್ಕದ ಸ್ವರದ ಜಾಗವನ್ನು ತಿನ್ನುತ್ತದೆ.

ಉಳಿದ ತಪ್ಪುಗಳನ್ನು ತಿದ್ದಬೇಕೇ ಬೇಡವೇ ಎಂಬುದು ಏನನ್ನು ಅಳೆಯಲಿದ್ದಾರೆ ಎಂಬುದನ್ನು ಅವಲಂಬಿಸಿದೆ. ಸ್ವರದ ನಟ್ಟನಡುವೆ ಫಾರ್ಮಂಟ್ ಅಥವಾ ದನಿಯ ಎತ್ತರ ಅಳೆಯುವವರಿಗೆ ಗಡಿ 20 ಮಿಲಿಸೆಕೆಂಡ್ ಆಚೀಚೆ ಆದರೂ ಹೆಚ್ಚೇನೂ ನಷ್ಟವಿಲ್ಲ. ಅಲ್ಪಪ್ರಾಣದ ಕಕಾರ ಬಿಟ್ಟ ಮೇಲೆ ನಾದ ಶುರುವಾಗುವುದಕ್ಕೆ ಎಷ್ಟು ಹೊತ್ತು ಎಂದು ಅಳೆಯುವವರ ಕತೆಯೇ ಬೇರೆ. ಆ ಅವಧಿಯೇ 20–30 ಮಿಲಿಸೆಕೆಂಡ್ ಇರುವಾಗ ಅಷ್ಟೇ ದೊಡ್ಡ ತಪ್ಪು ಇಡೀ ಅಳತೆಯನ್ನು ನುಂಗಿಬಿಡುತ್ತದೆ. ತಪ್ಪುಗಳು ಎರಡೂ ಕಡೆ ಚದುರಿದ್ದರೆ ಸರಾಸರಿಯಲ್ಲಿ ಕಳೆದುಹೋಗುತ್ತವೆ. ಆದರೆ ಉಸಿರು ತುಂಬಿದ ಇಂಗ್ಲಿಷ್ ಕಕಾರವನ್ನು ನಿರೀಕ್ಷಿಸುವ ಮಾದರಿ ಪ್ರತಿ ಸಲ ಒಂದೇ ಕಡೆಗೆ ವಾಲಿದರೆ, ಸಾವಿರ ಉದಾಹರಣೆಗಳ ಸರಾಸರಿ ತೆಗೆದರೂ ಸಿಗುವುದು ಇಂಗ್ಲಿಷಿನ ನೆರಳೇ.

ಈ ವಾಲಿಕೆ ತಿಳಿಯಲು ಬೇರೆ ಬೇರೆ ಜನ ಆಡಿದ ಒಂದಷ್ಟು ನಿಮಿಷಗಳ ಮಾತಿಗೆ ಪ್ರಾಟ್‌ನಲ್ಲಿ ಕೈಯಿಂದ ಗೆರೆ ಎಳೆದು, ಯಂತ್ರದ ಗೆರೆಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಕೈಗೆರೆ ಎಳೆಯುವವರು ಯಂತ್ರದ ಗೆರೆಯನ್ನು ಮೊದಲು ನೋಡಿರಬಾರದು. ನೋಡಿದರೆ ಕಣ್ಣು ಅತ್ತಲೇ ವಾಲುತ್ತದೆ. ವ್ಯತ್ಯಾಸವನ್ನು ಒಟ್ಟು ಶೇಕಡಾವಾರಿನಲ್ಲಿ ಹೇಳಿದರೆ ಸಾಲದು. ಸ್ವರದಿಂದ ವ್ಯಂಜನಕ್ಕೆ, ಸ್ವರದಿಂದ ಗಂಟಲ ತಡೆಗೆ, ಮೌನದಿಂದ ಮಾತಿಗೆ ಹೀಗೆ ಗಡಿಯ ಬಗೆಯೊಂದೊಂದಕ್ಕೂ ಎಷ್ಟು ತಪ್ಪು, ಯಾವ ಕಡೆಗೆ ಎಂದು ಬೇರೆಬೇರೆಯಾಗಿ ಲೆಕ್ಕ ಹಾಕಬೇಕು. ಒಂದು ಬಗೆಯ ಗಡಿ ಸದಾ ಒಂದೇ ಕಡೆ ಜಾರುತ್ತಿದ್ದರೆ ನಿಘಂಟಿನ ಗುರುತನ್ನು ಬದಲಿಸಿ ಮತ್ತೆ ಒಗ್ಗಿಸಿ ನೋಡಬಹುದು. ಹಾಗೂ ಸರಿಹೋಗದಿದ್ದರೆ ಆ ಬಗೆಯ ಗಡಿಗಳನ್ನಷ್ಟೇ ಪ್ರಾಟ್‌ನಲ್ಲಿ ಒಂದೊಂದಾಗಿ ತೆರೆದು ಕೈಯಿಂದ ತಿದ್ದುತ್ತಾರೆ.