ಮೇಡಂ, ಮೊದಲ ಮೂರು ಪುಟ ನನ್ನವಲ್ಲ

ನಮ್ಮ ಕಾಲೇಜುಗಳಲ್ಲಿ ‘ಅಪಾಲಜಿ ಲೆಟರ್’ ಎಂಬುದು ಮಾಮೂಲಿ ಕಾಗದ. ಹಾಜರಾತಿ ಕಡಿಮೆಯಾದರೆ, ತರಗತಿಯಲ್ಲಿ ಮೊಬೈಲ್ ರಿಂಗಣಿಸಿದರೆ, ವಿದ್ಯಾರ್ಥಿ ಕಚೇರಿಯ ಮೂಲೆಯಲ್ಲಿ ನಿಂತು ಅದನ್ನು ಬರೆದುಕೊಡುತ್ತಾನೆ. ಒಕ್ಕಣೆ ಎಲ್ಲರಿಗೂ ಬಾಯಿಪಾಠ: ತಿಳಿಯದೆ ತಪ್ಪಾಗಿದೆ, ಇನ್ನು ಮುಂದೆ ಹೀಗಾಗುವುದಿಲ್ಲ, ದಯವಿಟ್ಟು ಕ್ಷಮಿಸಿ. ಸಿಕ್ಕಿಬಿದ್ದ ಮೇಲೆ ಬರೆಯುವ ಕಾಗದವಾದ್ದರಿಂದ ಏನು ನಡೆಯಿತೆಂಬುದನ್ನು ಅದರಲ್ಲಿ ಹೇಳಬೇಕಾಗಿಲ್ಲ. ಅದು ಕಚೇರಿಯವರಿಗೆ ಮೊದಲೇ ಗೊತ್ತು.

ಯಾರೂ ಹಿಡಿಯುವ ಮೊದಲೇ ವಿದ್ಯಾರ್ಥಿ ತಾನಾಗಿ ಅಧ್ಯಾಪಕರಿಗೆ ಬರೆಯುವ ಪತ್ರ ಬೇರೆಯದೇ ಬಗೆಯದು. ‘ನಾನು ಕೊಟ್ಟ ಅಸೈನ್‌ಮೆಂಟಿನಲ್ಲಿ ಒಂದಷ್ಟು ಭಾಗ ನಕಲು, ಮತ್ತೆ ಬರೆಯಲು ಅವಕಾಶ ಕೊಡಿ’ ಎನ್ನುವ ಇಂಥ ಪತ್ರದಲ್ಲಿ ವಿವರ ಗೊತ್ತಿರುವುದು ಬರೆಯುವವರಿಗೆ ಮಾತ್ರ. ಹಾಗಾಗಿ ಪತ್ರದ ತೂಕವೆಲ್ಲ ಆ ವಿವರದ ಮೇಲೆ ನಿಂತಿರುತ್ತದೆ. ಪಶ್ಚಾತ್ತಾಪದ ಮಾತು ನಾಲ್ಕು ಸಾಲು ಹೆಚ್ಚಾದರೂ ಕಡಿಮೆಯಾದರೂ ಅಧ್ಯಾಪಕರ ತೀರ್ಮಾನ ಬದಲಾಗುವುದು ಅಪರೂಪ. ಯಾವ ಪುಟ, ಯಾವ ಮೂಲ, ಎಷ್ಟು ಭಾಗ ಎಂಬುದು ಸ್ಪಷ್ಟವಾದರೆ ಬದಲಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಅರ್ಥಶಾಸ್ತ್ರ ಎಂ.ಎ. ಓದುತ್ತಿರುವ ಒಬ್ಬ ವಿದ್ಯಾರ್ಥಿನಿ ಎಂದುಕೊಳ್ಳಿ. ಹಾಲು ಉತ್ಪಾದಕರ ಸಹಕಾರ ಸಂಘಗಳ ಬಗ್ಗೆ ಹನ್ನೆರಡು ಪುಟದ ಅಸೈನ್‌ಮೆಂಟ್ ಕೊಟ್ಟಿದ್ದಾಳೆ. ಅದರಲ್ಲಿ ಎಂಟು ಪುಟ ಅವಳ ಸ್ವಂತ ದುಡಿಮೆ. ಊರಿನ ಡೈರಿಗೆ ಬೆಳಿಗ್ಗೆ ಹೋಗಿ, ಹಾಲು ಹಾಕಲು ಬಂದವರನ್ನು ಮಾತಾಡಿಸಿ, ಫ್ಯಾಟ್ ನೋಡಿ ದರ ಕಟ್ಟುವುದು ಹೇಗೆಂದು ಕಾರ್ಯದರ್ಶಿಯಿಂದ ತಿಳಿದು ಬರೆದದ್ದು. ಮೊದಲ ಮೂರು ಪುಟ ಮಾತ್ರ ಆನಂದ್‌ನಿಂದ ಹಿಡಿದು ‘ಆಪರೇಷನ್ ಫ್ಲಡ್’ವರೆಗಿನ ಚರಿತ್ರೆ. ಅದನ್ನು ಒಂದು ಇಂಗ್ಲಿಷ್ ಲೇಖನದಿಂದ ಸಾಲುಸಾಲಾಗಿ ಕನ್ನಡಕ್ಕೆ ಇಳಿಸಿ, ಮೂಲ ಹೇಳದೆ ಸೇರಿಸಿದ್ದಾಳೆ. ನಾಲ್ಕನೆಯ ಪುಟದ ಕೋಷ್ಟಕ ಹಿಂದಿನ ವರ್ಷದ ಸೀನಿಯರ್ ಒಬ್ಬರ ಅಸೈನ್‌ಮೆಂಟಿನದು.

ಇಲ್ಲಿ ಎರಡು ಬಗೆಯ ನಕಲಿದೆ. ಕೋಷ್ಟಕವನ್ನು ಎತ್ತಿಕೊಂಡದ್ದು ನಕಲು ಎಂದು ಯಾರಾದರೂ ಒಪ್ಪುತ್ತಾರೆ. ಅನುವಾದದ ವಿಷಯಕ್ಕೆ ಬಂದರೆ ಕನ್ನಡ ಮಾಧ್ಯಮದ ಎಷ್ಟೋ ವಿದ್ಯಾರ್ಥಿಗಳಿಗೆ ಗೊಂದಲವಿದೆ. ‘ಕನ್ನಡದ ವಾಕ್ಯಗಳನ್ನು ನಾನೇ ಕಷ್ಟಪಟ್ಟು ಬರೆದಿದ್ದೇನಲ್ಲ’ ಎಂಬ ಭಾವನೆ ಅವರದು. ಕಷ್ಟಪಟ್ಟದ್ದು ನಿಜವೇ. ಆದರೆ ಯಾವ ಸಂಗತಿ ಮೊದಲು ಬರಬೇಕು, ಯಾವುದಕ್ಕೆ ಯಾವುದು ಕಾರಣ, ಎಲ್ಲಿ ಮುಗಿಸಬೇಕು ಎಂಬ ಯೋಚನೆಯೆಲ್ಲ ಮೂಲ ಲೇಖಕರದು. ಅವರ ಹೆಸರು ಹೇಳದೆ ಕೊಟ್ಟರೆ ಆ ಯೋಚನೆ ತನ್ನದೆಂದು ಹೇಳಿಕೊಂಡಂತೆಯೇ. ಪದಗಳ ಸಾಲನ್ನು ಹೋಲಿಸಿ ನೋಡುವ ತಂತ್ರಾಂಶಕ್ಕೆ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ನಕಲು ಸಾಮಾನ್ಯವಾಗಿ ಸಿಗುವುದಿಲ್ಲ. ಅನುಭವಿ ಅಧ್ಯಾಪಕರ ಕಣ್ಣಿಗೆ ಸಿಗುತ್ತದೆ. ಐದನೆಯ ಪುಟದಲ್ಲಿ ‘ಸಂಜೆ ಹಾಲಿಗೆ ಬೆಳಗಿನಷ್ಟು ಫ್ಯಾಟ್ ಬರಲ್ಲ ಅಂತ ಕೆಲವರು ದೂರಿದರು’ ಎಂದು ಬರೆಯುವ ಹುಡುಗಿ ಎರಡನೆಯ ಪುಟದಲ್ಲಿ ‘1970ರಲ್ಲಿ ಪ್ರಾರಂಭಿಸಲ್ಪಟ್ಟ ಈ ಯೋಜನೆಯು ಜಗತ್ತಿನ ಬೃಹತ್ ಕಾರ್ಯಕ್ರಮಗಳಲ್ಲೊಂದಾಗಿ ಪರಿಗಣಿಸಲ್ಪಟ್ಟಿದೆ’ ಎಂದು ಬರೆದಿದ್ದರೆ, ಆ ‘ಲ್ಪಟ್ಟ’ಗಳೇ ಗುಟ್ಟು ಬಿಟ್ಟುಕೊಡುತ್ತವೆ. ಗ್ರಂಥಾಲಯದಲ್ಲೇ ಇಲ್ಲದ ಪುಸ್ತಕದ ಪುಟಸಂಖ್ಯೆ ಅಡಿಟಿಪ್ಪಣಿಯಲ್ಲಿ ಕಾಣಿಸಿದಾಗಲೂ ಅನುಮಾನ ಬರುತ್ತದೆ.

ಈ ವಿದ್ಯಾರ್ಥಿನಿ ಬರೆಯಬಹುದಾದ ಪತ್ರ ಹೀಗಿರಬಹುದು.

“ಗೌರವಾನ್ವಿತ ಮೇಡಂ ಅವರಿಗೆ,

ವಿಷಯ: ಸಲ್ಲಿಸಿದ ಅಸೈನ್‌ಮೆಂಟಿನಲ್ಲಿ ನಕಲಾದ ಭಾಗ ಮತ್ತು ಅದನ್ನು ಮತ್ತೆ ಬರೆಯಲು ಅನುಮತಿ ಕೋರಿ.

ಸೋಮವಾರ ನಾನು ಕೊಟ್ಟ ಹಾಲು ಸಹಕಾರ ಸಂಘಗಳ ಅಸೈನ್‌ಮೆಂಟಿನಲ್ಲಿ ಎಲ್ಲವೂ ನನ್ನ ಬರಹವಲ್ಲ. ಒಂದರಿಂದ ಮೂರನೆಯ ಪುಟದವರೆಗಿನ ಚರಿತ್ರೆಯ ಭಾಗವನ್ನು ಒಂದು ಇಂಗ್ಲಿಷ್ ಲೇಖನದಿಂದ ಅನುವಾದಿಸಿ, ಮೂಲ ಹೇಳದೆ ಬಳಸಿದ್ದೇನೆ. ನಾಲ್ಕನೆಯ ಪುಟದ ಕೋಷ್ಟಕ ಕಳೆದ ವರ್ಷದ ಒಂದು ಅಸೈನ್‌ಮೆಂಟಿನದು; ಅದರ ಅಂಕಿಗಳನ್ನು ನಾನು ಪರಿಶೀಲಿಸಿಲ್ಲ. ಐದರಿಂದ ಹನ್ನೆರಡನೆಯ ಪುಟದವರೆಗೆ ನಾನೇ ನಮ್ಮೂರಿನ ಡೈರಿಯಲ್ಲಿ ಕೇಳಿ ಬರೆದದ್ದು. ಅದರ ಟಿಪ್ಪಣಿ ಪುಸ್ತಕ ನನ್ನ ಬಳಿ ಇದೆ. ನಕಲಾದ ಭಾಗಕ್ಕೆ ಗೆರೆ ಎಳೆದ ಪ್ರತಿಯನ್ನೂ ಮೂಲ ಲೇಖನವನ್ನೂ ಇದರ ಜೊತೆ ಇಟ್ಟಿದ್ದೇನೆ.

ಡೈರಿಯ ಕೆಲಸ ಮುಗಿಸುವಷ್ಟರಲ್ಲಿ ಕೊನೆಯ ದಿನ ಬಂದಿತ್ತು. ಒಂದು ದಿನ ಹೆಚ್ಚು ಕೇಳುವ ಬದಲು ಹೀಗೆ ಮಾಡಿದೆ. ಅದು ತಪ್ಪೆಂದು ಆಗಲೂ ಗೊತ್ತಿತ್ತು.

ತಾವು ಒಪ್ಪಿದರೆ ಆ ನಾಲ್ಕು ಪುಟಗಳನ್ನು ಬರುವ ಶುಕ್ರವಾರದೊಳಗೆ ಮತ್ತೆ ಬರೆದುಕೊಡುತ್ತೇನೆ. ಚರಿತ್ರೆಯನ್ನು ಮೂಲಗಳ ಸಹಿತ ಒಂದೇ ಪುಟಕ್ಕೆ ಇಳಿಸಿ, ಕೋಷ್ಟಕವನ್ನು ಡೈರಿಯ ಪುಸ್ತಕ ನೋಡಿ ಹೊಸದಾಗಿ ಮಾಡುತ್ತೇನೆ. ಅಂಕ ಕಡಿತ ಮಾಡಿದರೂ ಬೇರೆ ವಿಷಯ ಕೊಟ್ಟರೂ ನನಗೆ ಒಪ್ಪಿಗೆ.

ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ”

ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಗೆರೆ ಎಳೆದ ಪ್ರತಿ. ಅದು ಇಲ್ಲದಿದ್ದರೆ ‘ಸ್ವಲ್ಪ ಭಾಗ ನಕಲಾಗಿದೆ’ ಎಂಬ ಮಾತನ್ನು ಓದಿದ ಅಧ್ಯಾಪಕರು ಹನ್ನೆರಡೂ ಪುಟಗಳನ್ನು ಅನುಮಾನದಿಂದ ನೋಡಬೇಕಾಗುತ್ತದೆ. ಹುಡುಗಿಯ ನಿಜವಾದ ದುಡಿಮೆಯೂ ಆ ಅನುಮಾನದಲ್ಲಿ ಮುಳುಗಿಹೋಗುತ್ತದೆ. ಗೆರೆ ಎಳೆದು ಕೊಟ್ಟಾಗ ಎಂಟು ಪುಟ ಉಳಿಯುತ್ತವೆ, ನಾಲ್ಕು ಪುಟ ಬೀಳುತ್ತವೆ. ಮತ್ತೆ ಬರೆಯಲು ಬಿಡುವುದಾದರೆ ಎಷ್ಟನ್ನು ಬರೆಸಬೇಕು ಎಂಬುದಕ್ಕೂ ಅಳತೆ ಸಿಗುತ್ತದೆ.

ಕಾರಣ ಹೇಳುವ ಜಾಗದಲ್ಲಿ ಅನೇಕರು ಎಡವುತ್ತಾರೆ. ಮನೆಯಲ್ಲಿ ಕಾಯಿಲೆ, ಕರೆಂಟು ಇರಲಿಲ್ಲ, ಲ್ಯಾಪ್‌ಟಾಪ್ ಕೆಟ್ಟಿತ್ತು ಎಂದು ಒಂದು ಪುಟ ತುಂಬಿಸಿದರೆ ಪತ್ರ ರಜಾ ಅರ್ಜಿಯಂತೆ ಓದಿಸಿಕೊಳ್ಳುತ್ತದೆ. ಅವು ನಿಜವೇ ಆಗಿದ್ದರೂ ಸಮಯ ಸಾಲದ್ದಕ್ಕೆ ಕಾರಣವಾಗುತ್ತವೆ, ನಕಲು ಮಾಡಿದ್ದಕ್ಕೆ ಆಗುವುದಿಲ್ಲ. ‘ತಿಳಿಯದೆ ಆಯಿತು’ ಎಂಬ ಮಾತು ಇನ್ನೂ ಅಪಾಯದ್ದು. ಬೇರೆಯವರ ಕೋಷ್ಟಕವನ್ನು ಯಾರೂ ತಿಳಿಯದೆ ಬರೆದುಕೊಳ್ಳುವುದಿಲ್ಲ. ಅಂಥ ಒಂದು ಮಾತು ಕಂಡರೆ ಪತ್ರದ ಉಳಿದ ಭಾಗದ ಮೇಲಿನ ನಂಬಿಕೆಯೂ ಸಡಿಲವಾಗುತ್ತದೆ. ಅನುವಾದದ ಬಗ್ಗೆ ನಿಜವಾಗಿಯೂ ತಿಳಿಯದೆ ಹಾಗೆ ಮಾಡಿದ್ದರೆ, ಅದೊಂದಕ್ಕೆ ಮಾತ್ರ ಸೀಮಿತವಾಗಿ ಹಾಗೆಂದು ಬರೆಯಬಹುದು.

ಸೀನಿಯರ್‌ನ ಹೆಸರು ಪತ್ರದಲ್ಲಿ ಇಲ್ಲದಿರುವುದನ್ನು ಗಮನಿಸಿ. ಓದಿ ನೋಡಲೆಂದು ತಮ್ಮ ಪ್ರತಿ ಕೊಟ್ಟವರು ಈ ನಕಲಿನಲ್ಲಿ ಪಾಲುದಾರರಲ್ಲ. ಮೂಲ ಯಾವ ಬಗೆಯದೆಂದು ಹೇಳಿದರೆ ಮೊದಲ ಪತ್ರಕ್ಕೆ ಸಾಕು. ಮೇಡಂ ಕೇಳಿದರೆ ಹೆಸರು ಹೇಳಬೇಕಾಗುತ್ತದೆ, ಆಗ ಮುಚ್ಚಿಡುವಂತಿಲ್ಲ. ಆದ್ದರಿಂದ ಪತ್ರ ಕೊಡುವ ಮೊದಲೇ ಆ ಸೀನಿಯರ್‌ಗೆ ಒಂದು ಫೋನ್ ಮಾಡಿ ತಿಳಿಸುವುದು ಮರ್ಯಾದೆ. ಗುಂಪಿನ ಅಸೈನ್‌ಮೆಂಟ್ ಆಗಿದ್ದರಂತೂ ಉಳಿದವರಿಗೆ ಹೇಳದೆ ಒಬ್ಬರೇ ಬರೆದುಕೊಟ್ಟು ಎಲ್ಲರನ್ನೂ ಸಿಕ್ಕಿಸಬಾರದು.

ಇಷ್ಟೆಲ್ಲ ಅಧ್ಯಾಪಕರ ತೀರ್ಮಾನಕ್ಕೆ ಏಕೆ ಬಿಟ್ಟಿದೆ, ನಿಯಮವಿಲ್ಲವೇ ಎಂದು ಕೇಳಬಹುದು. ನಿಯಮವಿದೆ. ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ನಿಯಮಾವಳಿ ತಂದಿತು. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದಂತೆ ಕೊಟ್ಟ ಅವಧಿಯಲ್ಲಿ ತಿದ್ದಿ ಸಲ್ಲಿಸಬೇಕು. ಶೇ. 40ರಿಂದ 60ರವರೆಗೆ ಇದ್ದರೆ ತಿದ್ದಿದ ಪ್ರತಿ ಸಲ್ಲಿಸುವುದಕ್ಕೇ ಒಂದು ವರ್ಷ ತಡೆ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಆದರೆ ಈ ಅಳತೆಗೋಲು ಸ್ನಾತಕೋತ್ತರ ಮತ್ತು ಸಂಶೋಧನಾ ಪದವಿಯ ಪ್ರಬಂಧಗಳಿಗೆ, ಪ್ರಕಟಣೆಗಳಿಗೆ ಅನ್ವಯಿಸುವಂಥದ್ದು. ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ವರದಿ, ಉತ್ತರಪತ್ರಿಕೆಗಳನ್ನು ಅದೇ ನಿಯಮಾವಳಿ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅಂದರೆ ಹನ್ನೆರಡರಲ್ಲಿ ನಾಲ್ಕು ಪುಟ ಎಂದು ಶೇಕಡಾವಾರು ಲೆಕ್ಕ ಹಾಕಿ ನಮ್ಮ ವಿದ್ಯಾರ್ಥಿನಿಗೆ ಏನಾಗಬೇಕೆಂದು ಆ ಪುಸ್ತಕದಲ್ಲಿ ಹುಡುಕಿ ಪ್ರಯೋಜನವಿಲ್ಲ. ಆಕೆಯ ಕಾಲೇಜು, ವಿಭಾಗ, ಕೊನೆಗೆ ಅಂಕ ಹಾಕುವ ಮೇಡಂ ನಿರ್ಧರಿಸಬೇಕು. ಪತ್ರಕ್ಕೆ ಇಷ್ಟು ಬಲವಿರುವುದು ಆ ಕಾರಣಕ್ಕೇ.

ಬಲವಿರುವುದು ಸ್ವಲ್ಪ ಕಾಲ ಮಾತ್ರ. ಅಸೈನ್‌ಮೆಂಟಿನ ಅಂಕ ಆಂತರಿಕ ಮೌಲ್ಯಮಾಪನಕ್ಕೆ ಸೇರುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳು ಬಳಸುವ ಯುಯುಸಿಎಂಎಸ್ ಜಾಲತಾಣಕ್ಕೆ ಆ ಅಂಕ ಏರಿಸಿ ಮುಗಿದ ಮೇಲೆ ಅಧ್ಯಾಪಕರು ಮನಸ್ಸು ಮಾಡಿದರೂ ಬದಲಿಸುವುದು ಸುಲಭವಲ್ಲ. ಇನ್ನೊಂದು ಗಡಿ ಇದಕ್ಕಿಂತ ಸೂಕ್ಷ್ಮವಾದದ್ದು. ಮೇಡಂ ಅನುಮಾನಪಟ್ಟು ‘ನಾಳೆ ಬಂದು ಕಾಣು’ ಎಂದ ಮೇಲೆ ಬರೆದ ಪತ್ರ ಅಪಾಲಜಿ ಲೆಟರ್ ಆಗುತ್ತದೆಯೇ ಹೊರತು ತಾನಾಗಿ ಬರೆದ ಪತ್ರವಾಗಿ ಉಳಿಯುವುದಿಲ್ಲ.

ಈ ಸಮಯದ ಪ್ರಶ್ನೆಯನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಕೋರ್ಸು ನಿಯಮವಾಗಿಯೇ ಬರೆದಿಟ್ಟಿತು. ಡೇವಿಡ್ ಮಲಾನ್ ಕಲಿಸುವ ಸಿಎಸ್50 ಎಂಬ ಕಂಪ್ಯೂಟರ್ ವಿಜ್ಞಾನದ ಕೋರ್ಸಿನಲ್ಲಿ 2014ರಿಂದ ಹೀಗೊಂದು ಷರತ್ತು ಇದೆ. ತಪ್ಪು ಮಾಡಿದ ವಿದ್ಯಾರ್ಥಿ 72 ಗಂಟೆಯೊಳಗೆ ತಾನೇ ಬಂದು ಹೇಳಿದರೆ ಆ ಕೆಲಸಕ್ಕೆ ಅಂಕ ಹೋಗಬಹುದು, ಆದರೆ ವಿಷಯ ಮೇಲಿನ ಶಿಸ್ತು ಸಮಿತಿಗೆ ಹೋಗುವುದಿಲ್ಲ. ಪದೇ ಪದೇ ಮಾಡಿದವರಿಗೆ ಮಾತ್ರ ಈ ರಿಯಾಯಿತಿ ಇಲ್ಲ. ರಾತ್ರಿ ಎರಡು ಗಂಟೆಗೆ ಕೊನೆಯ ಗಡುವಿನ ಒತ್ತಡದಲ್ಲಿ ಮಾಡಿದ ನಿರ್ಧಾರವನ್ನು ನಿದ್ದೆ ಮಾಡಿ ಎದ್ದ ಮೇಲೆ ಹಿಂತೆಗೆದುಕೊಳ್ಳಲು ಮೂರು ದಿನದ ಅವಕಾಶ ಅದು. ನಮ್ಮಲ್ಲಿ ವಿಭಾಗವೊಂದು ಸೆಮಿಸ್ಟರ್ ಆರಂಭದಲ್ಲೇ ಇಂಥ ಎರಡು ಸಾಲು ನೋಟಿಸ್ ಬೋರ್ಡಿಗೆ ಹಾಕಿದರೆ, ‘ಹೇಳಿದರೆ ಏನಾಗುತ್ತದೋ’ ಎಂಬ ಭಯದಿಂದ ಸುಮ್ಮನಾಗುವ ಅನೇಕರು ಬಾಯಿಬಿಡುತ್ತಾರೆಂದು ನನ್ನ ನಂಬಿಕೆ. ಈಗಂತೂ ಪರಿಣಾಮ ಏನೆಂದು ತಿಳಿಯದೆಯೇ ಅವರು ಬರೆಯಬೇಕು. ಲಿಖಿತ ತಪ್ಪೊಪ್ಪಿಗೆಯನ್ನು ಹಿಂದಕ್ಕೆ ಪಡೆಯಲಾಗದು ಎಂಬ ಅವರ ಅಳುಕು ನ್ಯಾಯವಾದದ್ದೇ.

ಪತ್ರ ಓದಿದ ಮೇಡಂ ಏನು ಮಾಡಬಹುದು? ನಾಲ್ಕು ಪುಟ ಮತ್ತೆ ಬರೆಸಿ, ಗರಿಷ್ಠ ಅಂಕಕ್ಕೆ ಒಂದು ಮಿತಿ ಹಾಕಬಹುದು. ಸಮಯಕ್ಕೆ ಸರಿಯಾಗಿ ಸ್ವಂತ ಬರೆದು ಕೊಟ್ಟವರಿಗೆ ಅನ್ಯಾಯವಾಗದಿರಲು ಈ ಮಿತಿ ಬೇಕು. ಬೇರೆ ವಿಷಯ ಕೊಟ್ಟು ಪೂರ್ತಿ ಹೊಸದಾಗಿ ಬರೆಸಬಹುದು. ಶೂನ್ಯ ಹಾಕಿ ಅಲ್ಲಿಗೇ ಮುಗಿಸಲೂಬಹುದು. ಪತ್ರ ಬರೆದ ಮಾತ್ರಕ್ಕೆ ಅವಕಾಶ ಹಕ್ಕಾಗಿಬಿಡುವುದಿಲ್ಲ. ನನಗೆ ಹೆಚ್ಚು ಸರಿಯೆನಿಸುವುದು, ಮತ್ತೆ ಬರೆಸಿದ ಮೇಲೆ ಹತ್ತು ನಿಮಿಷ ಎದುರಿಗೆ ಕೂರಿಸಿಕೊಂಡು ಕೇಳುವುದು. ‘ಈ ಕೋಷ್ಟಕದ ಮೂರನೆಯ ಸಾಲಿನಲ್ಲಿ ಲೀಟರ್ ಹೆಚ್ಚಿದೆ, ಹಣ ಕಡಿಮೆ ಬಂದಿದೆ, ಏಕೆ?’ ಡೈರಿಯ ಪುಸ್ತಕವನ್ನು ತಾನೇ ನೋಡಿದವಳು ಆ ಹಾಲಿನ ಫ್ಯಾಟ್ ಕಡಿಮೆಯಿತ್ತು, ದರ ಇಳಿಯಿತು ಎಂದು ತಕ್ಷಣ ಹೇಳುತ್ತಾಳೆ. ಇನ್ನೊಮ್ಮೆ ಎಲ್ಲಿಂದಲೋ ಎತ್ತಿಕೊಂಡಿದ್ದರೆ ತಡವರಿಸುತ್ತಾಳೆ.

ಇದೇ ವಿದ್ಯಾರ್ಥಿನಿ ಮುಂದೆ ಇದೇ ವಿಷಯದ ಮೇಲೆ ಕಿರುಪ್ರಬಂಧ ಬರೆಯಲು ಹೊರಟರೆ ಒಂದು ಎಚ್ಚರಿಕೆ ಬೇಕು. ಅದು ಎಂ.ಎ. ಪದವಿಗಾಗಿ ಸಲ್ಲಿಸುವ ಪ್ರಬಂಧ, ಆದ್ದರಿಂದ ಯುಜಿಸಿಯ ಶೇಕಡಾವಾರು ಲೆಕ್ಕ ಅಲ್ಲಿ ಅನ್ವಯಿಸುತ್ತದೆ. ದೂರು ಬಂದರೆ ತೀರ್ಮಾನ ಗೈಡ್ ಕೈಯಲ್ಲಿರದೆ ಸಮಿತಿಯ ಕೈಗೆ ಹೋಗುತ್ತದೆ. ಅಲ್ಲಿ ಇಂಥ ಪತ್ರವನ್ನು ಬೈಂಡಿಂಗ್‌ಗೆ ಕೊಡುವ ಮೊದಲು, ಕರಡು ಪ್ರತಿ ಗೈಡ್ ಮೇಜಿನ ಮೇಲಿರುವಾಗಲೇ ಕೊಡಬೇಕು.