ಎರಡು ಸಲ ಓಡಿದರೂ ಒಂದೇ ಲೆಕ್ಕ

ಡೇಟಾ ಎಂಜಿನಿಯರ್ ಹುದ್ದೆಯ ಸಂದರ್ಶನಕ್ಕೆ ಕೂತವರಿಗೆ ಒಂದು ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತಲೇ ಇರುತ್ತದೆ: ‘ದಿನಾ ರಾತ್ರಿ ತಾನಾಗಿ ಓಡುವ, ನಂಬಬಹುದಾದ ಒಂದು ಪೈಪ್‌ಲೈನ್ ಹೇಗೆ ಕಟ್ಟುತ್ತೀರಿ?’ ಪೈಪ್‌ಲೈನ್ ಎಂದರೆ ಹಲವು ಕಡೆಯಿಂದ ಬರುವ ಮಾಹಿತಿಯನ್ನು ತಂದು, ಶುದ್ಧಮಾಡಿ, ಲೆಕ್ಕ ಹಾಕಿ, ಬೇಕಾದವರ ಮುಂದಿಡುವ ಪ್ರೋಗ್ರಾಂಗಳ ಸರಪಳಿ. ಅನೇಕರು ಕೇಳಿದ ಕೂಡಲೇ ಕಾಫ್ಕಾ, ಸ್ಪಾರ್ಕ್, ಏರ್‌ಫ್ಲೋ ಎಂದು ಸಾಧನಗಳ ಹೆಸರು ಹೇಳತೊಡಗುತ್ತಾರೆ. ಆದರೆ ಸಂದರ್ಶಕರು ನಿಜವಾಗಿ ಹುಡುಕುತ್ತಿರುವುದು ಬೇರೊಂದನ್ನು. ಕೆಲಸ ಅರ್ಧಕ್ಕೆ ನಿಂತು ಮತ್ತೆ ಶುರುವಾದಾಗ ಲೆಕ್ಕ ಕೆಡದಂತೆ ನೋಡಿಕೊಳ್ಳಲು ಈ ವ್ಯಕ್ತಿಗೆ ಗೊತ್ತಿದೆಯೇ ಎಂಬುದನ್ನು.

ಒಂದು ಬಸ್ ಸಾರಿಗೆ ಸಂಸ್ಥೆಯನ್ನು ಊಹಿಸಿಕೊಳ್ಳೋಣ. ಕಂಡಕ್ಟರುಗಳ ಕೈಯಲ್ಲಿ 2,000 ಟಿಕೆಟ್ ಮಷಿನ್‌ಗಳಿವೆ, ದಿನಕ್ಕೆ 4 ಲಕ್ಷ ಟಿಕೆಟ್ ಹರಿಯುತ್ತವೆ. ಯಾವ ಮಾರ್ಗದಲ್ಲಿ ಎಷ್ಟು ಆದಾಯ ಬಂತೆಂಬ ಹಿಂದಿನ ದಿನದ ವರದಿ ಬೆಳಿಗ್ಗೆ 7 ಗಂಟೆಗೆ ಅಧಿಕಾರಿಗಳ ಮೇಜಿನ ಮೇಲಿರಬೇಕು.

ಮೊದಲ ಆಯ್ಕೆ ಬ್ಯಾಚೋ ಸ್ಟ್ರೀಮಿಂಗೋ ಎಂಬುದು. ಒಂದು ದಿನದ ಟಿಕೆಟ್‌ಗಳನ್ನೆಲ್ಲ ಕೂಡಿಹಾಕಿ ರಾತ್ರಿ ಒಟ್ಟಿಗೆ ಲೆಕ್ಕ ಮಾಡುವುದು ಬ್ಯಾಚ್. ಪ್ರತಿ ಟಿಕೆಟ್ ಬಂದ ಹಾಗೇ ಲೆಕ್ಕಕ್ಕೆ ಸೇರಿಸುತ್ತ ಹೋಗುವುದು ಸ್ಟ್ರೀಮಿಂಗ್. ಸ್ಟ್ರೀಮಿಂಗ್ ಹೊಸದು, ಹಾಗಾಗಿ ಅದೇ ಮೇಲು ಎಂಬ ಭಾವನೆ ಅಭ್ಯರ್ಥಿಗಳಲ್ಲಿದೆ. ಅದು ಸರಿಯಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಮಾಹಿತಿ ಕೈಗೆ ಬಂದ ಮೇಲೆ ಯಾರು ಏನು ಮಾಡುತ್ತಾರೆ, ಎಷ್ಟು ಹೊತ್ತಿನೊಳಗೆ ಮಾಡುತ್ತಾರೆ? ನಿಲ್ದಾಣದಲ್ಲಿ ನಿಂತ ಪ್ರಯಾಣಿಕರಿಗೆ ಬಸ್ ಎಲ್ಲಿದೆಯೆಂದು ತೋರಿಸಬೇಕಾದರೆ ಅರ್ಧ ಗಂಟೆ ಹಳೆಯ ಸುದ್ದಿಯಿಂದ ಪ್ರಯೋಜನವಿಲ್ಲ, ಅದಕ್ಕೆ ಸ್ಟ್ರೀಮಿಂಗ್ ಬೇಕು. ಮಾರ್ಗದ ಆದಾಯವನ್ನು ಅಧಿಕಾರಿಗಳು ನೋಡುವುದು ಬೆಳಿಗ್ಗೆ. ಅದಕ್ಕೆ ಬ್ಯಾಚ್ ಸಾಕು. ಸ್ಟ್ರೀಮಿಂಗ್ ವ್ಯವಸ್ಥೆ 24 ಗಂಟೆಯೂ ಎಚ್ಚರವಿರಬೇಕು, ಅದನ್ನು ಕಾಯುವವರೂ ಬೇಕು. ಬ್ಯಾಚ್‌ನಲ್ಲಿ ತಪ್ಪಾದರೆ ಆ ಒಂದು ದಿನವನ್ನು ಮತ್ತೆ ಓಡಿಸಿ ಸರಿಪಡಿಸುವುದು ಸುಲಭ.

ಆದರೆ ಈ ‘ಮತ್ತೆ ಓಡಿಸುವುದು’ ಎಂಬಲ್ಲೇ ಅಪಾಯವೂ ಇದೆ. ರಾತ್ರಿ 1 ಗಂಟೆಗೆ ಕೆಲಸ ಶುರುವಾಯಿತು. 4 ಲಕ್ಷ ಸಾಲುಗಳಲ್ಲಿ 2.5 ಲಕ್ಷ ಕೋಷ್ಟಕಕ್ಕೆ ಸೇರುವಷ್ಟರಲ್ಲಿ ಸಂಪರ್ಕ ಕಡಿಯಿತು. ವ್ಯವಸ್ಥೆ ತಾನೇ ಮರುಪ್ರಯತ್ನ ಮಾಡಿತು, ಈ ಸಲ ಪೂರ್ತಿ 4 ಲಕ್ಷ ಸೇರಿದವು. ಪರದೆಯ ಮೇಲೆ ‘ಯಶಸ್ವಿ’ ಎಂಬ ಹಸಿರು ಗುರುತು. ಕೋಷ್ಟಕದಲ್ಲಿ ಮಾತ್ರ 6.5 ಲಕ್ಷ ಟಿಕೆಟ್! ಎಲ್ಲೂ ದೋಷದ ಸಂದೇಶವಿಲ್ಲ. ಆ ದಿನದ ಆದಾಯ ಕಾಗದದ ಮೇಲೆ ಏರಿಬಿಟ್ಟಿದೆ. ಸೇರಿಸುತ್ತ ಹೋಗುವ ಕೋಷ್ಟಕಕ್ಕೆ ಕುರುಡಾಗಿ ಮರುಪ್ರಯತ್ನ ಜೋಡಿಸಿದರೆ ಹೀಗಾಗುತ್ತದೆ.

ಇದಕ್ಕೆ ಪರಿಹಾರ ಪಾರ್ಟಿಷನ್. ಇಡೀ ವರ್ಷದ ವ್ಯವಹಾರವನ್ನು ಒಂದೇ ಉದ್ದ ಪಟ್ಟಿಯಾಗಿ ಬರೆಯದೆ ದಿನಕ್ಕೊಂದು ಹಾಳೆ ಇಟ್ಟ ಲೆಕ್ಕದ ಪುಸ್ತಕದ ಹಾಗೆ, ಕೋಷ್ಟಕವನ್ನು ದಿನಾಂಕದ ಪ್ರಕಾರ ವಿಂಗಡಿಸಿಡುತ್ತಾರೆ. ಸಂಗ್ರಹದಲ್ಲಿ ಅದು `dt=2025-03-14` ಎಂಬಂಥ ಫೋಲ್ಡರ್ ಆಗಿ ಕಾಣುತ್ತದೆ. ಇದರಿಂದ ಒಂದು ವಾರದ ಲೆಕ್ಕ ಕೇಳಿದಾಗ ವರ್ಷದ 365 ಫೋಲ್ಡರ್‌ಗಳ ಬದಲು 7 ಮಾತ್ರ ಓದಿದರೆ ಸಾಕು. ಇಷ್ಟನ್ನು ಬಹಳ ಅಭ್ಯರ್ಥಿಗಳು ಹೇಳುತ್ತಾರೆ. ಇನ್ನೊಂದು ಲಾಭವನ್ನು ಹೇಳುವವರು ಕಡಿಮೆ: ಮರುಪ್ರಯತ್ನದಲ್ಲಿ ಸೇರಿಸುವ ಬದಲು ಆ ದಿನದ ಪಾರ್ಟಿಷನ್ನನ್ನೇ ಪೂರ್ತಿಯಾಗಿ ಹೊಸದಾಗಿ ಬರೆಯಬಹುದು. ಆಗ ಕೆಲಸ ಎಷ್ಟು ಸಲ ಓಡಿದರೂ ಫಲ ಒಂದೇ. ಈ ಗುಣಕ್ಕೆ ಎಂಜಿನಿಯರುಗಳು ಐಡೆಂಪೊಟೆನ್ಸಿ ಎನ್ನುತ್ತಾರೆ.

ಪಾರ್ಟಿಷನ್ ಮಾಡುವುದರಲ್ಲೂ ಮಿತಿ ಇರಬೇಕು. ದಿನಾಂಕದ ಜೊತೆಗೆ ಮಷಿನ್ ಸಂಖ್ಯೆಯನ್ನೂ ಸೇರಿಸಿ ವಿಂಗಡಿಸಿದರೆ ದಿನಕ್ಕೆ 2,000 ಚಿಕ್ಕ ಫೈಲುಗಳಾಗುತ್ತವೆ. ವರ್ಷಕ್ಕೆ ಅದು 7 ಲಕ್ಷ ದಾಟುತ್ತದೆ. ಆಗ ಮಾಹಿತಿ ಓದುವುದಕ್ಕಿಂತ ಫೈಲು ಹುಡುಕಿ ತೆರೆಯುವುದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ.

ಇಷ್ಟು ಸರಿಯಾಗಿ ಹೇಳಿದವರಿಗೆ ಸಂದರ್ಶಕರು ಮುಂದಿನ ಗಂಟು ಹಾಕುತ್ತಾರೆ: ‘ಘಟ್ಟದ ದಾರಿಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಮಷಿನ್ ತನ್ನ ಟಿಕೆಟ್‌ಗಳನ್ನು ಮಾರನೆಯ ದಿನ ಡಿಪೋಗೆ ಬಂದ ಮೇಲೆ ಕಳಿಸಿತು. ಈಗೇನು ಮಾಡುತ್ತೀರಿ?’ ಟಿಕೆಟ್ ಹರಿದ ದಿನ ಬೇರೆ, ಅದು ನಮಗೆ ತಲುಪಿದ ದಿನ ಬೇರೆ. ಎರಡನ್ನೂ ಬರೆದಿಟ್ಟುಕೊಳ್ಳುವುದೇ ಉತ್ತರ. ಕಚ್ಚಾ ಮಾಹಿತಿಯನ್ನು ತಲುಪಿದ ದಿನಾಂಕದ ಪ್ರಕಾರ ಇಟ್ಟು, ಅದನ್ನು ಎಂದೂ ತಿದ್ದಬಾರದು. ವರದಿಯ ಕೋಷ್ಟಕವನ್ನು ಟಿಕೆಟ್ ಹರಿದ ದಿನಾಂಕದ ಪ್ರಕಾರ ಕಟ್ಟಬೇಕು. ಪ್ರತಿ ರಾತ್ರಿ ನಿನ್ನೆಯದರ ಜೊತೆಗೆ ಅದರ ಹಿಂದಿನ ಮೂರು ದಿನಗಳನ್ನೂ ಮತ್ತೆ ಬರೆದರೆ ತಡವಾಗಿ ಬಂದವು ತಮ್ಮ ತಮ್ಮ ಜಾಗ ಸೇರುತ್ತವೆ. ಒಂದು ದಿನದ ಮಟ್ಟಿಗೆ ಅದು ಹೀಗಿರುತ್ತದೆ:

```sql
INSERT OVERWRITE TABLE tickets_daily
PARTITION (dt = '2025-03-14')
SELECT DISTINCT ticket_id, route_id, fare
FROM tickets_raw
WHERE issued_date = '2025-03-14'
  AND arrival_date BETWEEN '2025-03-14' AND '2025-03-17';
```

ಮಷಿನ್ ಒಂದೇ ಟಿಕೆಟ್ಟನ್ನು ಎರಡು ಸಲ ಕಳಿಸಿದ್ದರೆ `DISTINCT` ಅದನ್ನು ಒಂದಾಗಿಸುತ್ತದೆ. ದಿನಾಂಕವನ್ನು ಇಲ್ಲಿ ಹೊರಗಿನಿಂದ ಕೊಟ್ಟಿರುವುದನ್ನೂ ಗಮನಿಸಿ. ‘ಇಂದಿಗೆ ಒಂದು ದಿನ ಹಿಂದೆ’ ಎಂದು ಪ್ರೋಗ್ರಾಂನೊಳಗೇ ಬರೆದರೆ, ಶುಕ್ರವಾರದ ಕೆಲಸವನ್ನು ಸೋಮವಾರ ಮತ್ತೆ ಓಡಿಸಿದಾಗ ಅದು ಭಾನುವಾರದ ಲೆಕ್ಕವನ್ನು ಮಾಡುತ್ತದೆ.

ಇನ್ನು ಮರುಪ್ರಯತ್ನದ ವಿಚಾರ. ಎಲ್ಲ ದೋಷಕ್ಕೂ ಅದು ಮದ್ದಲ್ಲ. ಸಂಪರ್ಕ ಕಡಿದರೆ, ಸರ್ವರ್ ಒತ್ತಡದಲ್ಲಿದ್ದರೆ, ಸ್ವಲ್ಪ ಕಾದು ಮತ್ತೆ ಯತ್ನಿಸಬಹುದು. ಪಾಸ್‌ವರ್ಡ್ ಬದಲಾಗಿದ್ದರೆ, ಒಂದು ಕಾಲಂ ಕಾಣೆಯಾಗಿದ್ದರೆ ನೂರು ಸಲ ಯತ್ನಿಸಿದರೂ ಆಗುವುದಿಲ್ಲ. ಅಂಥ ಕಡೆ ತಕ್ಷಣ ಮನುಷ್ಯರನ್ನು ಎಬ್ಬಿಸಬೇಕು. ಎರಡು ಯತ್ನಗಳ ನಡುವಿನ ಅಂತರವನ್ನು ಪ್ರತಿ ಸಲ ಇಮ್ಮಡಿ ಮಾಡಬೇಕು, ಇಲ್ಲವಾದರೆ ಮೊದಲೇ ಬಳಲಿದ ಸರ್ವರ್ ಮೇಲೆ ನಾವೇ ಮತ್ತಷ್ಟು ಭಾರ ಹೇರಿದಂತೆ. ನಮ್ಮ ಕೆಲಸಕ್ಕೆ 40 ನಿಮಿಷ ಬೇಕು ಎಂದುಕೊಳ್ಳಿ. ಮೂರು ಮರುಪ್ರಯತ್ನ, ನಡುವೆ 10, 20, 40 ನಿಮಿಷ ಕಾಯುವಿಕೆ. ನಾಲ್ಕು ಯತ್ನಕ್ಕೆ 160 ನಿಮಿಷ, ಕಾಯಲು 70 ನಿಮಿಷ. 1 ಗಂಟೆಗೆ ಶುರುವಾದದ್ದು ಎಲ್ಲ ಸೋತರೂ 4.50ಕ್ಕೆ ಮುಗಿಯುತ್ತದೆ. 7ರ ಗಡುವಿಗೆ ಮೊದಲು ಮನುಷ್ಯರು ಕೈಹಾಕಲು ಎರಡು ಗಂಟೆ ಉಳಿದಿರುತ್ತದೆ. ಮರುಪ್ರಯತ್ನದ ಸಂಖ್ಯೆಯನ್ನು ಹೀಗೆ ಗಡುವಿನಿಂದ ಹಿಂದಕ್ಕೆ ಎಣಿಸಿ ನಿರ್ಧರಿಸುವವರು ಅನುಭವಸ್ಥರು.

ಇಷ್ಟಾದರೂ ಹಸಿರು ಗುರುತನ್ನು ನಂಬಿ ಕೂರುವಂತಿಲ್ಲ. ಬಂದ ಫೈಲು ಖಾಲಿಯಾಗಿದ್ದರೂ ಪ್ರೋಗ್ರಾಂ ತಕರಾರಿಲ್ಲದೆ ಓಡಿ ಮುಗಿಯುತ್ತದೆ. ಆದ್ದರಿಂದ ಫಲಿತಾಂಶವನ್ನು ಮೊದಲು ತಾತ್ಕಾಲಿಕ ಕೋಷ್ಟಕಕ್ಕೆ ಬರೆದು, ಪರೀಕ್ಷಿಸಿ, ಆಮೇಲೆ ವರದಿಗೆ ಬಿಡಬೇಕು. 2,000 ಮಷಿನ್‌ಗಳಲ್ಲಿ ಎಷ್ಟರಿಂದ ಮಾಹಿತಿ ಬಂದಿದೆ? ಒಂದೇ ಟಿಕೆಟ್ ಸಂಖ್ಯೆ ಎರಡು ಸಲ ಇದೆಯೇ? ಡಿಪೋಗಳಲ್ಲಿ ಕಟ್ಟಿದ ಹಣಕ್ಕೂ ಈ ಮೊತ್ತಕ್ಕೂ ತಾಳೆಯಾಗುತ್ತದೆಯೇ? 1,400 ಮಷಿನ್‌ಗಳ ಲೆಕ್ಕ ಮಾತ್ರ ಬಂದಿದ್ದರೆ ವರದಿಯ ಮೇಲೇ ಹಾಗೆಂದು ಬರೆಯುವುದು ಪ್ರಾಮಾಣಿಕತೆ.

ಸಂದರ್ಶನಕ್ಕೆ ಸಿದ್ಧರಾಗುತ್ತಿರುವವರಿಗೆ ನನ್ನ ಮಾತು ಇಷ್ಟೇ. ಸಾಧನಗಳ ಹೆಸರನ್ನು ಕೊನೆಗಿಡಿ. ಮಾಹಿತಿ ಯಾರಿಗೆ, ಎಷ್ಟು ಹೊತ್ತಿಗೆ ಬೇಕು ಎಂದು ಮೊದಲು ಕೇಳಿ. ನೀವು ಬಿಡಿಸಿದ ನಕ್ಷೆಯ ಪ್ರತಿ ಹೆಜ್ಜೆಯ ಮೇಲೂ ಬೆರಳಿಟ್ಟು, ಇದು ಇಲ್ಲೇ ನಿಂತು ಮತ್ತೆ ಓಡಿದರೆ ಲೆಕ್ಕ ಬದಲಾಗುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಎಲ್ಲ ಹೆಜ್ಜೆಗೂ ‘ಇಲ್ಲ’ ಎಂದು ಹೇಳಬಲ್ಲಿರಾದರೆ ನಿಮ್ಮ ಪೈಪ್‌ಲೈನ್ ನಂಬಲು ಯೋಗ್ಯ.