ಮಾರ್ಚ್ 31ರ ಸಂಜೆ ತೆಗೆದ ಫೋಟೋ

ತಂಗಿಯ ಮಗಳು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಳೆ. ಬ್ಯಾಲೆನ್ಸ್ ಶೀಟ್ ಓದುವುದು ಹೇಗೆ, ಅದರಲ್ಲಿ ವಿಂಡೋ ಡ್ರೆಸ್ಸಿಂಗ್ ಗುರುತಿಸುವುದು ಹೇಗೆ ಎಂಬುದರ ಮೇಲೆ ತರಗತಿಯಲ್ಲಿ ಇಪ್ಪತ್ತು ನಿಮಿಷ ಮಾತಾಡಬೇಕಂತೆ. ಕೊನೆಗೆ ಸಹಪಾಠಿಗಳಿಗೆ ಕೇಳಲು ಒಂದಷ್ಟು ಪ್ರಶ್ನೆಗಳೂ ಬೇಕು. ಕಳೆದ ಭಾನುವಾರ ನೋಟ್‌ಬುಕ್ ಹಿಡಿದು ಬಂದಳು. ಅದರಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿದ್ದವು. ಹೆಚ್ಚಿನವು ‘ಚಾಲ್ತಿ ಆಸ್ತಿ ಎಂದರೇನು?’ ಎಂಬ ಬಗೆಯವು.

“ಮಾಮ, ಇದರಲ್ಲಿ ಯಾವುದು ಇಟ್ಕೊಳ್ಳಲಿ?”

“ಒಂದು ಪ್ರಶ್ನೆ ಸಾಕು ಕಣೇ. ಮಿಕ್ಕಿದ್ದೆಲ್ಲ ಅದರ ಹಿಂದೆ ತಾನೇ ಬರುತ್ತೆ. ಈ ಪಟ್ಟಿ ಯಾವ ದಿನದ್ದು? ಅದರ ಹಿಂದಿನ ವಾರ ಏನಾಯ್ತು, ಮುಂದಿನ ವಾರ ಏನಾಯ್ತು?”

ಲಾಭ-ನಷ್ಟದ ಲೆಕ್ಕ ಇಡೀ ವರ್ಷದ್ದು. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಬಂದದ್ದು, ಹೋದದ್ದು ಎಲ್ಲ ಅದರಲ್ಲಿ ಕೂಡಿಕೊಳ್ಳುತ್ತಾ ಬರುತ್ತದೆ. ಬ್ಯಾಲೆನ್ಸ್ ಶೀಟ್ ಹಾಗಲ್ಲ. ಅದು ಒಂದು ದಿನದ ಸಂಜೆ ತೆಗೆದ ಫೋಟೋ. ಫೋಟೋ ತೆಗೆಯುವ ದಿನ ಯಾವುದೆಂದು ವರ್ಷದ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ವಿಂಡೋ ಡ್ರೆಸ್ಸಿಂಗ್ ಹುಟ್ಟುವುದೇ ಅಲ್ಲಿ.

ಅವಳಿಗೆ ಒಂದು ಕಲ್ಪಿತ ಎಣ್ಣೆ ಗಿರಣಿಯ ಲೆಕ್ಕ ಬರೆದು ತೋರಿಸಿದೆ. ಚಳ್ಳಕೆರೆ ಕಡೆಯ ಶೇಂಗಾ ಗಿರಣಿ ಎಂದಿಟ್ಟುಕೊಳ್ಳಿ. ಮಾರ್ಚ್ 29ರಂದು ಗೋದಾಮಿನಲ್ಲಿ 1 ಕೋಟಿ ರೂಪಾಯಿಯ ಸರಕಿದೆ. ವ್ಯಾಪಾರಿಗಳಿಂದ ಬರಬೇಕಾದ ಬಾಕಿ 45 ಲಕ್ಷ. ತಿಂಗಳ ಕೊನೆಯಲ್ಲಿ ಒತ್ತಾಯ ಮಾಡಿ ವಸೂಲಿ ಮಾಡಿದ 1 ಕೋಟಿ 5 ಲಕ್ಷ ಚಾಲ್ತಿ ಖಾತೆಯಲ್ಲಿದೆ. ಒಟ್ಟು ಚಾಲ್ತಿ ಆಸ್ತಿ ಎರಡೂವರೆ ಕೋಟಿ. ಇನ್ನೊಂದು ಕಡೆ, ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲ 1 ಕೋಟಿ 10 ಲಕ್ಷ, ಶೇಂಗಾ ಕೊಟ್ಟ ಮಂಡಿಯವರಿಗೆ ಕೊಡಬೇಕಾದದ್ದು 90 ಲಕ್ಷ. ಒಟ್ಟು ಚಾಲ್ತಿ ಹೊಣೆ 2 ಕೋಟಿ. ಎರಡೂವರೆಯನ್ನು ಎರಡರಿಂದ ಭಾಗಿಸಿದರೆ ಚಾಲ್ತಿ ಅನುಪಾತ 1.25. ನಮ್ಮ ಬ್ಯಾಂಕುಗಳು ದುಡಿಯುವ ಬಂಡವಾಳಕ್ಕೆ ಸಾಲ ಕೊಡುವಾಗ ಬಹುಕಾಲದಿಂದ ನೋಡುತ್ತಾ ಬಂದಿರುವ ಮಟ್ಟ 1.33. ಗಿರಣಿ ಅದಕ್ಕಿಂತ ಕೆಳಗಿದೆ.

ಮಾರ್ಚ್ 30ಕ್ಕೆ ಮಾಲೀಕರು ಚಾಲ್ತಿ ಖಾತೆಯಿಂದ 1 ಕೋಟಿ ತೆಗೆದು 70 ಲಕ್ಷವನ್ನು ಕ್ಯಾಶ್ ಕ್ರೆಡಿಟ್ಟಿಗೆ ಕಟ್ಟಿದರು, 30 ಲಕ್ಷವನ್ನು ಮಂಡಿಗೆ ಕೊಟ್ಟರು. ಆಸ್ತಿ ಒಂದೂವರೆ ಕೋಟಿಗೆ ಇಳಿಯಿತು, ಹೊಣೆ 1 ಕೋಟಿಗೆ ಇಳಿಯಿತು. ಅನುಪಾತ 1.5 ಆಯಿತು. ಏಪ್ರಿಲ್ 3ರಂದು ಕ್ಯಾಶ್ ಕ್ರೆಡಿಟ್ಟಿನಿಂದ ಮತ್ತೆ 70 ಲಕ್ಷ ತೆಗೆದರು, ಮಂಡಿಯಿಂದ ಮತ್ತೆ ಉದ್ದರಿ ತಂದರು.

ಹುಡುಗಿ ಪೆನ್ನು ಕೆಳಗಿಟ್ಟು, “ಇದರಲ್ಲಿ ಸುಳ್ಳು ಎಲ್ಲಿದೆ ಮಾಮ? ಸಾಲ ಕಟ್ಟಿದ್ದು ನಿಜ ತಾನೇ?” ಅಂದಳು.

ತರಗತಿಗೆ ಒಯ್ಯಬೇಕಾದ ಪ್ರಶ್ನೆ ಅದೇ. ಒಂದಂಕಿಯೂ ಸುಳ್ಳಲ್ಲ. ರಸೀದಿ ಇದೆ, ಪಾಸ್ ಪುಸ್ತಕದಲ್ಲಿ ನಮೂದು ಇದೆ, ಆಡಿಟರು ಸಹಿ ಹಾಕುತ್ತಾರೆ. ಆದರೆ ಆಸ್ತಿಯಿಂದ ಹೊಣೆ ಕಳೆದು ನೋಡಿ: ಮೊದಲೂ ಉಳಿದದ್ದು 50 ಲಕ್ಷ, ಆಮೇಲೂ ಉಳಿದದ್ದು 50 ಲಕ್ಷ. ಗಿರಣಿಯ ಬಲ ಒಂದು ರೂಪಾಯಿಯಷ್ಟೂ ಹೆಚ್ಚಲಿಲ್ಲ. ಎರಡೂ ಕಡೆಯಿಂದ ಒಂದೇ ಮೊತ್ತ ಕಳೆದಾಗ ಭಾಗಲಬ್ಧ ದೊಡ್ಡದಾಯಿತು, ಅಷ್ಟೇ.

ಈ ಉಪಾಯ ಆಸ್ತಿ ಹೊಣೆಗಿಂತ ಹೆಚ್ಚಿದ್ದಾಗ ಮಾತ್ರ ನಡೆಯುತ್ತದೆ. ಆಸ್ತಿ 90 ಲಕ್ಷ, ಹೊಣೆ 1 ಕೋಟಿ ಇರುವವರು 50 ಲಕ್ಷ ಸಾಲ ತೀರಿಸಿದರೆ ಅನುಪಾತ 0.9ರಿಂದ 0.8ಕ್ಕೆ ಜಾರುತ್ತದೆ. ಅಂಥವರು ತಿರುಗಾಮುರುಗಾ ಮಾಡುತ್ತಾರೆ. ಕೊನೆಯ ವಾರ ಸಾಲ ತಂದು ಹಣವನ್ನು ಖಾತೆಯಲ್ಲಿಟ್ಟು ಎರಡೂ ಕಡೆ ಉಬ್ಬಿಸುತ್ತಾರೆ. ಹಾಗಾಗಿ ಮಾರ್ಚ್ ಕೊನೆಗೆ ಸಾಲ ಇಳಿದದ್ದೂ ಸುಳಿವು, ಏರಿದ್ದೂ ಸುಳಿವು. ಇಂಥ ಲೆಕ್ಕ ಎರಡು ಕೊಟ್ಟು, ಯಾರಿಗೆ ಯಾವ ಉಪಾಯ ಲಾಭ ಎಂದು ತರಗತಿಯನ್ನೇ ಕೇಳು ಅಂದೆ. ಸೂತ್ರ ಬಾಯಿಪಾಠ ಮಾಡಿದವರಿಗೂ ಅರ್ಥ ಮಾಡಿಕೊಂಡವರಿಗೂ ಇರುವ ವ್ಯತ್ಯಾಸ ಅಲ್ಲಿ ಕಾಣುತ್ತದೆ.

ಇನ್ನು ಹಿಡಿಯುವುದು ಹೇಗೆ? ಗಿರಣಿಯ ಪಾಸ್ ಪುಸ್ತಕ ಸಿಕ್ಕರೆ ಕೆಲಸ ಸುಲಭ. ಹೊರಗಿನವರಿಗೆ ಅದು ಸಿಗುವುದಿಲ್ಲ. ಆದರೆ ಫೋಟೋದ ಪಕ್ಕದಲ್ಲೇ ವರ್ಷಪೂರ್ತಿಯ ಲೆಕ್ಕವೊಂದಿದೆ: ಲಾಭ-ನಷ್ಟ ಪಟ್ಟಿಯ ಬಡ್ಡಿ ಖರ್ಚು. ಗಿರಣಿ ವರ್ಷದಲ್ಲಿ ಕಟ್ಟಿದ ಬಡ್ಡಿ 12 ಲಕ್ಷ ಎನ್ನಿ. ಮಾರ್ಚ್ 31ಕ್ಕೆ ಸಾಲ 40 ಲಕ್ಷ, ಹಿಂದಿನ ಮಾರ್ಚ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. 40 ಲಕ್ಷಕ್ಕೆ 12 ಲಕ್ಷ ಬಡ್ಡಿ ಎಂದರೆ ಶೇಕಡಾ 30. ಯಾವ ಬ್ಯಾಂಕೂ ಕ್ಯಾಶ್ ಕ್ರೆಡಿಟ್ಟಿಗೆ ಅಷ್ಟು ಬಡ್ಡಿ ಹಾಕುವುದಿಲ್ಲ. ದರ ಶೇಕಡಾ 10 ಎಂದಿಟ್ಟುಕೊಂಡರೆ, ವರ್ಷವಿಡೀ ಸರಾಸರಿ ಇದ್ದ ಸಾಲ 1 ಕೋಟಿ 20 ಲಕ್ಷ. ಫೋಟೋದಲ್ಲಿ ಕಂಡದ್ದರ ಮೂರು ಪಟ್ಟು. ಸಾಲವನ್ನು ಒಂದು ದಿನದ ಮಟ್ಟಿಗೆ ಇಳಿಸಬಹುದು, ವರ್ಷದ ಬಡ್ಡಿಯನ್ನು ಆ ಒಂದು ದಿನ ಇಳಿಸಲಾಗುವುದಿಲ್ಲ.

ಹುಡುಗಿಯ ಕಣ್ಣು ಅರಳಿತು. ಆದರೆ ಅಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ ಎಂದು ನಾನು ತಡೆದೆ. ಶೇಂಗಾ ಸುಗ್ಗಿ ಅಕ್ಟೋಬರ್-ನವೆಂಬರಿನದು. ಗಿರಣಿಯವರು ಆಗ ಸಾಲ ಮಾಡಿ ಮಾಲು ತುಂಬಿಸಿಕೊಳ್ಳುತ್ತಾರೆ, ಎಣ್ಣೆ ಮಾರಾಟವಾದಂತೆ ತೀರಿಸುತ್ತಾ ಬರುತ್ತಾರೆ. ಮಾರ್ಚ್ ಹೊತ್ತಿಗೆ ಸಾಲ ತಾನಾಗಿಯೇ ಇಳಿದಿರಬಹುದು. ಅದು ವ್ಯಾಪಾರದ ಋತು, ಅಲಂಕಾರವಲ್ಲ. ಇವೆರಡನ್ನೂ ಬೇರೆ ಮಾಡುವುದು ಏಪ್ರಿಲ್. ಋತುವಿನ ಸಾಲ ತಿಂಗಳುಗಟ್ಟಲೆ ಮೆಲ್ಲಗೆ ಇಳಿದಿರುತ್ತದೆ, ಮುಂದಿನ ಸುಗ್ಗಿಯವರೆಗೆ ತಗ್ಗಿಯೇ ಇರುತ್ತದೆ. ಅಲಂಕಾರದ ಸಾಲ ಮಾರ್ಚ್ ಕೊನೆಯ ಎರಡು ದಿನ ಮಾಯವಾಗಿ ಏಪ್ರಿಲ್ ಮೊದಲ ವಾರ ಮನೆಗೆ ಬರುತ್ತದೆ. ಬಡ್ಡಿಯ ಲೆಕ್ಕ ಅನುಮಾನವನ್ನು ಎಬ್ಬಿಸುತ್ತದೆ, ತೀರ್ಪು ಕೊಡುವುದಿಲ್ಲ. ಈ ಮಾತನ್ನು ದಪ್ಪ ಅಕ್ಷರದಲ್ಲಿ ಬರೆದುಕೋ ಅಂದೆ. ಒಳ್ಳೆಯ ವ್ಯಾಪಾರಿಯನ್ನು ಕಳ್ಳನೆಂದು ಕರೆಯುವುದು ಸಣ್ಣ ತಪ್ಪಲ್ಲ.

ನೋಂದಾಯಿತ ಕಂಪನಿಗಳಾದರೆ ಇನ್ನೂ ಕೆಲವು ಕಿಟಕಿಗಳಿವೆ. ಕಂಪನಿ ಕಾಯ್ದೆಯ ಮೂರನೇ ಅನುಸೂಚಿಗೆ 2021ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಚಾಲ್ತಿ ಅನುಪಾತವೂ ಸೇರಿದಂತೆ ಮುಖ್ಯ ಅನುಪಾತಗಳನ್ನು ಕಂಪನಿ ತಾನೇ ಟಿಪ್ಪಣಿಯಲ್ಲಿ ಕೊಡಬೇಕು. ಹಿಂದಿನ ವರ್ಷಕ್ಕಿಂತ ಶೇಕಡಾ 25ಕ್ಕೂ ಹೆಚ್ಚು ವ್ಯತ್ಯಾಸವಾದರೆ ಕಾರಣ ಬರೆಯಬೇಕು. ‘ಸಾಲ ಮರುಪಾವತಿಯ ಕಾರಣ’ ಎಂದಷ್ಟೇ ಒಂದು ಸಾಲು ಇದ್ದರೆ, ಯಾವ ತಾರೀಖಿನ ಮರುಪಾವತಿ ಎಂಬುದು ನಮ್ಮ ಪ್ರಶ್ನೆ. ಸರಕು ಮತ್ತು ಬಾಕಿಗಳ ಆಧಾರದ ಮೇಲೆ ಸಾಲ ತಂದ ಕಂಪನಿ, ಬ್ಯಾಂಕಿಗೆ ಮೂರು ತಿಂಗಳಿಗೊಮ್ಮೆ ಕೊಟ್ಟ ಪಟ್ಟಿ ತನ್ನ ಲೆಕ್ಕದ ಪುಸ್ತಕಕ್ಕೆ ಹೊಂದುತ್ತದೆಯೇ ಎಂದೂ ಹೇಳಬೇಕು. ಆ ಟಿಪ್ಪಣಿಗಳು ಪುಸ್ತಕದ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿರುತ್ತವೆ. ನಾನು ಓದಲು ಶುರು ಮಾಡುವುದೇ ಅಲ್ಲಿಂದ.

ಗಿರಣಿಯ ಇದೇ ಆಟವನ್ನು ಜಗತ್ತಿನ ಮಟ್ಟದಲ್ಲಿ ಆಡಿದ್ದು ಅಮೆರಿಕದ ಲೆಹ್ಮನ್ ಬ್ರದರ್ಸ್. ಹೂಡಿಕೆ ಬ್ಯಾಂಕುಗಳು ತಮ್ಮಲ್ಲಿರುವ ಸಾಲಪತ್ರಗಳನ್ನು ಕೆಲವು ದಿನ ಒತ್ತೆಯಿಟ್ಟು ಹಣ ತರುವುದು ಮಾಮೂಲು. ಅದಕ್ಕೆ ರೆಪೊ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಲೆಕ್ಕದಲ್ಲಿ ಸಾಲವೆಂದೇ ಕಾಣುತ್ತದೆ, ಪತ್ರಗಳೂ ಆಸ್ತಿಯ ಕಡೆಯೇ ಉಳಿಯುತ್ತವೆ. ಲೆಹ್ಮನ್ 100 ಡಾಲರ್ ಹಣಕ್ಕೆ 105 ಡಾಲರಿನ ಪತ್ರ ಕೊಟ್ಟು, ಒತ್ತೆ ಇಷ್ಟು ಹೆಚ್ಚಾದ್ದರಿಂದ ಇದು ಸಾಲವಲ್ಲ, ಮಾರಾಟ ಎಂದು ಬರೆದುಕೊಂಡಿತು. ರೆಪೊ 105 ಎಂಬ ಹೆಸರು ಬಂದದ್ದು ಹಾಗೆ. ಮಾರಿದ್ದೆಂದರೆ ಪತ್ರಗಳು ಆಸ್ತಿಯಿಂದ ಹೊರಬಿದ್ದವು. ಬಂದ ಹಣದಿಂದ ಬೇರೆ ಸಾಲ ತೀರಿಸಿದರೆ ಎರಡೂ ಕಡೆ ಕುಗ್ಗಿತು. ತ್ರೈಮಾಸಿಕದ ಕೊನೆಯ ದಿನ ಕಳೆದು ಕೆಲವೇ ದಿನಕ್ಕೆ ಮತ್ತೆ ಸಾಲ ತಂದು ಪತ್ರಗಳನ್ನು ಬಿಡಿಸಿಕೊಂಡಿತು.

2008ರ ಎರಡನೇ ತ್ರೈಮಾಸಿಕದ ಕೊನೆಗೆ ಹೀಗೆ ಹೊರಗಿಟ್ಟ ಮೊತ್ತ ಸುಮಾರು 5,000 ಕೋಟಿ ಡಾಲರ್. ಸ್ವಂತ ಬಂಡವಾಳದ ಎಷ್ಟು ಪಟ್ಟು ಆಸ್ತಿ ಹೊತ್ತಿದ್ದೇವೆ ಎಂಬ ಲೆಕ್ಕವನ್ನು ಕಂಪನಿ 12.1 ಎಂದು ತೋರಿಸಿತು. ಈ ಆಟವಿಲ್ಲದಿದ್ದರೆ ಅದು 13.9 ಆಗುತ್ತಿತ್ತು. ಅದೇ ವರ್ಷ ಸೆಪ್ಟೆಂಬರ್ 15ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ನ್ಯಾಯಾಲಯ ನೇಮಿಸಿದ ಪರೀಕ್ಷಕ ಆಂಟನ್ ವಾಲುಕಾಸ್ 2010ರ ಮಾರ್ಚ್‌ನಲ್ಲಿ ಹೊರಬಂದ ಎರಡು ಸಾವಿರಕ್ಕೂ ಹೆಚ್ಚು ಪುಟಗಳ ವರದಿಯಲ್ಲಿ ಇದನ್ನೆಲ್ಲ ಬಿಡಿಸಿಟ್ಟರು. ಅಲ್ಲಿಯವರೆಗೆ ಬ್ಯಾಲೆನ್ಸ್ ಶೀಟ್ ಎಷ್ಟು ಶ್ರದ್ಧೆಯಿಂದ ಓದಿದರೂ ಹೊರಗಿನವರಿಗೆ ರೆಪೊ 105 ಕಾಣುತ್ತಿರಲಿಲ್ಲ, ಏಕೆಂದರೆ ಟಿಪ್ಪಣಿಯಲ್ಲಿ ಅದನ್ನು ಬರೆದೇ ಇರಲಿಲ್ಲ. ಓದುಗನ ಕೈಗೆ ಎಟುಕದ ಜಾಗವೂ ಇದೆ ಎಂದು ಮಕ್ಕಳು ತಿಳಿದಿರಬೇಕು.

“ಸತ್ಯಂ ಕೂಡ ಇದೇನಾ ಮಾಮ?” ಎಂದು ಕೇಳಿದಳು. ಅಲ್ಲ. 2009ರ ಜನವರಿ 7ರಂದು ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ, ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಗಿರಣಿಯ ಹಣ ಇತ್ತು, ಜಾಗ ಬದಲಿಸಿತು. ಸತ್ಯಂನ ಹಣ ಕಾಗದದ ಮೇಲೆ ಮಾತ್ರ ಇತ್ತು. ಮೊದಲನೆಯದಕ್ಕೆ ‘ಯಾವಾಗ?’ ಎಂದು ಕೇಳಬೇಕು, ಎರಡನೆಯದಕ್ಕೆ ‘ಇದೆಯೇ?’ ಎಂದು ಬ್ಯಾಂಕನ್ನೇ ನೇರವಾಗಿ ಕೇಳಬೇಕು.

ಇಪ್ಪತ್ತೆರಡು ಪ್ರಶ್ನೆಗಳಲ್ಲಿ ಹದಿನೆಂಟನ್ನು ಅವಳೇ ಹೊಡೆದುಹಾಕಿದಳು. ಉಳಿದ ನಾಲ್ಕರ ಮೇಲೆ ಹೊಸದೊಂದನ್ನು ಬರೆದು ನನ್ನ ಕಡೆ ತಿರುಗಿಸಿದಳು: ‘ಸಾಲ 40 ಲಕ್ಷ, ಬಡ್ಡಿ 12 ಲಕ್ಷ. ಈ ಗಿರಣಿಯ ಏಪ್ರಿಲ್ ತಿಂಗಳ ಪಾಸ್ ಪುಸ್ತಕದಲ್ಲಿ ನೀವು ಯಾವ ನಮೂದು ಹುಡುಕುತ್ತೀರಿ? ಅದು ಸಿಗದಿದ್ದರೆ ಏನು ಹೇಳುತ್ತೀರಿ?’